2026ರ ಬ್ಯಾಚ್‌ಗೆ ಕ್ಯಾಂಪಸ್ ಡ್ರೈವ್: ಫೆಬ್ರವರಿ 21, ಶನಿವಾರ ನಿಮ್ಮ ಕಾಲೇಜಿನಲ್ಲಿ ಮಾಡೋಣವಾ ಸರ್?

ಪ್ಲೇಸ್‌ಮೆಂಟ್ ಆಫೀಸರ್ ಸರ್‌ಗೆ ನಮಸ್ಕಾರ,

ನಾನು ಮಹಾಂತೇಶ. ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫ್ಯಾಕ್ಟರಿಯಲ್ಲಿ ಎಚ್‌ಆರ್ ಮತ್ತು ಟ್ರೈನಿಂಗ್ ನೋಡಿಕೊಳ್ಳುತ್ತೇನೆ. ಹೈಡ್ರಾಲಿಕ್ ಸಿಲಿಂಡರ್ ಮಾಡುತ್ತೇವೆ, ಜೊತೆಗೆ ಪಂಪ್ ಮತ್ತು ವಾಲ್ವ್ ಬಾಡಿಗಳ ಮಷಿನಿಂಗ್. ಕಂಪನಿಯ ಪೂರ್ತಿ ವಿವರ, ಜಿಎಸ್‌ಟಿ ನಂಬರ್, ಲೆಟರ್‌ಹೆಡ್ ಮೇಲಿನ ಸಹಿ ಹಾಕಿದ ಪತ್ರ ಎಲ್ಲಾ ಈ ಮೇಲ್‌ಗೆ ಲಗತ್ತಿಸಿದ್ದೇನೆ. ಪ್ರಿನ್ಸಿಪಾಲರಿಗೆ ತೋರಿಸಲು ಅದು ಸಾಕು. ಇಲ್ಲಿ ನಿಮಗೆ ನೇರವಾಗಿ ಬರೆಯುತ್ತಿದ್ದೇನೆ.

ಈ ವರ್ಷ 21 ಜನ ಹೊಸ ಹುಡುಗ ಹುಡುಗಿಯರು ಬೇಕು. ಬಾಗಲಕೋಟೆಯಲ್ಲಿ ನಿಮ್ಮ ಕ್ಯಾಂಪಸ್‌ನಲ್ಲೇ ಇಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ಎರಡೂ ಇರುವುದರಿಂದ ಒಂದೇ ದಿನ ಎರಡಕ್ಕೂ ಡ್ರೈವ್ ಮುಗಿಸಬಹುದು ಅನ್ನಿಸಿತು. ಫೆಬ್ರವರಿ 21 ಅಂದಿದ್ದಕ್ಕೆ ಕಾರಣ ಇದೆ. ಎಂಟನೇ ಸೆಮಿಸ್ಟರ್‌ನವರು ಇಂಟರ್ನ್‌ಶಿಪ್ ಅಂತ ಊರೂರು ಚದುರಿರುತ್ತಾರೆ, ವಾರದ ಮಧ್ಯೆ ಕರೆದರೆ ಅರ್ಧ ಜನ ಬರುವುದಿಲ್ಲ, ಶನಿವಾರವಾದರೆ ಶುಕ್ರವಾರ ರಾತ್ರಿ ಬಸ್ ಹತ್ತಿ ಬಂದುಬಿಡುತ್ತಾರೆ. ಅವತ್ತು ಆಗದಿದ್ದರೆ ಬುಧವಾರ, ಫೆಬ್ರವರಿ 25 ಕೂಡ ನಮಗೆ ನಡೆಯುತ್ತದೆ.

ಕೆಲಸಗಳು ಹೀಗಿವೆ.

ಪ್ರೊಡಕ್ಷನ್‌ಗೆ 6 ಜನ ಗ್ರಾಜುಯೇಟ್ ಇಂಜಿನಿಯರ್ ಟ್ರೈನಿಗಳು, ಬಿಇ ಮೆಕ್ಯಾನಿಕಲ್. ಮೊದಲ ಆರು ತಿಂಗಳು ಸಿಎನ್‌ಸಿ, ವಿಎಂಸಿ ಮಷಿನ್ ಮುಂದೆ ನಿಂತು ಕಲಿಯಬೇಕು. ಟೂಲ್ ಆಫ್‌ಸೆಟ್ ಕೊಡುವುದು, ಸೆಟ್ಟಿಂಗ್ ಮಾಡುವುದು, ರಿಜೆಕ್ಷನ್ ಯಾಕೆ ಬಂತು ಅಂತ ಹುಡುಕುವುದು. ಆಮೇಲೆ ಲೈನ್ ಜವಾಬ್ದಾರಿ ಸಿಗುತ್ತದೆ.

ಕ್ವಾಲಿಟಿಗೆ 3 ಜನ, ಇವರೂ ಬಿಇ ಮೆಕ್ಯಾನಿಕಲ್. ಬರುವ ಕಾಸ್ಟಿಂಗ್ ತಪಾಸಣೆಯಿಂದ ಹಿಡಿದು ಗ್ರಾಹಕರಿಗೆ ಹೋಗುವ ರಿಪೋರ್ಟ್‌ವರೆಗೆ ಇವರದ್ದೇ. ಸಿಎಂಎಂ ನಾವೇ ಕಲಿಸುತ್ತೇವೆ, ಆದರೆ ಮೈಕ್ರೋಮೀಟರ್ ಓದಲು ಬರಲೇಬೇಕು.

ಮೆಂಟೆನೆನ್ಸ್‌ಗೆ 2 ಜನ, ಬಿಇ ಎಲೆಕ್ಟ್ರಿಕಲ್ ಅಥವಾ ಎಲೆಕ್ಟ್ರಾನಿಕ್ಸ್. ಪ್ಯಾನೆಲ್, ಸೆನ್ಸರ್, ಡ್ರೈವ್, ಸ್ವಲ್ಪ ಪಿಎಲ್‌ಸಿ.

ಉಳಿದ 10 ಡಿಪ್ಲೊಮಾದವರಿಗೆ, ಮೆಕ್ಯಾನಿಕಲ್ ಮಾತ್ರ. ಸಿಎನ್‌ಸಿ ಆಪರೇಟರ್ ಕಮ್ ಸೆಟ್ಟರ್ ಕೆಲಸ. ನಿಜ ಹೇಳಬೇಕೆಂದರೆ ನಮಗೆ ಅರ್ಜೆಂಟ್ ಇರುವುದು ಇವರದ್ದೇ.

ಯಾರು ಅರ್ಜಿ ಹಾಕಬಹುದು ಅಂದರೆ, 2026ರಲ್ಲಿ ಮುಗಿಸುವವರು. ಬಿಇಗೆ ಸಿಜಿಪಿಎ 6, ಡಿಪ್ಲೊಮಾಗೆ 55 ಪರ್ಸೆಂಟ್. ಎಸ್‌ಎಸ್‌ಎಲ್‌ಸಿ, ಪಿಯುಸಿಗೆ ಕಟ್ ಆಫ್ ಇಲ್ಲ, ಹತ್ತನೇ ಕ್ಲಾಸಿನ ಮಾರ್ಕ್ಸ್ ಹಿಡಿದುಕೊಂಡು 22 ವರ್ಷದವರನ್ನು ಹೊರಗೆ ನಿಲ್ಲಿಸುವುದು ನನಗೆ ಸರಿ ಅನ್ನಿಸುವುದಿಲ್ಲ. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿಇಗೆ ಬಂದವರನ್ನು ಖಂಡಿತ ಕಳಿಸಿ, ಅವರ ಕೈಗೆ ಮಷಿನ್ ಅಭ್ಯಾಸ ಆಗಿರುತ್ತದೆ. ಬ್ಯಾಕ್‌ಲಾಗ್ ಒಂದು ಇದ್ದರೂ ಟೆಸ್ಟ್ ಬರೆಯಬಹುದು, ಕೆಲಸಕ್ಕೆ ಸೇರುವಷ್ಟರಲ್ಲಿ ಕ್ಲಿಯರ್ ಆಗಿರಬೇಕು. ಓದಿನ ಮಧ್ಯೆ ಒಂದು ವರ್ಷ ಗ್ಯಾಪ್ ಇದ್ದರೆ ತೊಂದರೆ ಇಲ್ಲ. ಹುಡುಗಿಯರೂ ಎಲ್ಲಾ ಕೆಲಸಕ್ಕೂ ಅರ್ಜಿ ಹಾಕಬಹುದು, "ಫ್ಯಾಕ್ಟರಿ ಕೆಲಸ, ನಿಮಗಲ್ಲ" ಅಂತ ಯಾರೂ ಮೊದಲೇ ತಡೆಯಬಾರದು. ನೈಟ್ ಶಿಫ್ಟ್‌ಗೆ ಅವರು ತಾವಾಗಿ ಒಪ್ಪಿ ಬರೆದುಕೊಟ್ಟರೆ ಮಾತ್ರ ಹಾಕುತ್ತೇವೆ, ಮನೆವರೆಗೆ ಗಾಡಿ ಇರುತ್ತದೆ.

ಈಗ ಸಂಬಳ. ಇದನ್ನು ಬಿಡಿಸಿ ಬರೆಯುತ್ತೇನೆ, ಯಾಕೆಂದರೆ ಹೋದ ವರ್ಷ ಬೇರೆ ಒಂದು ಕಾಲೇಜಿನಲ್ಲಿ ನಮ್ಮದೇ ತಪ್ಪಿನಿಂದ ಪೆಟ್ಟು ತಿಂದಿದ್ದೇವೆ. ಕಳಿಸಿದ ಪತ್ರದಲ್ಲಿ ಸಿಟಿಸಿ ಮಾತ್ರ ಹಾಕಿದ್ದೆವು, ಶಿಫ್ಟ್ ವಿಷಯ ಬರೆದೇ ಇರಲಿಲ್ಲ. 9 ಜನರನ್ನು ತೆಗೆದುಕೊಂಡೆವು, ಮೂರು ತಿಂಗಳಲ್ಲಿ 5 ಜನ ಬಿಟ್ಟು ಹೋದರು. ಒಬ್ಬ ಹುಡುಗ ಹೋಗುವಾಗ "ಸರ್, ಕಂಪ್ಯೂಟರ್ ಮುಂದೆ ಡಿಸೈನ್ ಕೆಲಸ ಅಂದುಕೊಂಡಿದ್ದೆ" ಅಂದ. ಅವನ ತಪ್ಪಲ್ಲ ಅದು.

ಬಿಇಯವರಿಗೆ ತಿಂಗಳಿಗೆ ಗ್ರಾಸ್ 22,000. ಪಿಎಫ್ 1,800, ಕ್ಯಾಂಟೀನ್ 400 ಕಳೆದು ಕೈಗೆ 19,800. ಕಂಪನಿ ಕಟ್ಟುವ ಪಿಎಫ್ ಸೇರಿಸಿದರೆ ವರ್ಷಕ್ಕೆ ಸುಮಾರು 2.85 ಲಕ್ಷ, ನಿಮ್ಮ ನೋಟಿಸ್ ಬೋರ್ಡಿಗೆ ಇಷ್ಟೇ ಹಾಕಿ, ದಯವಿಟ್ಟು ಮೂರು ಲಕ್ಷ ಅಂತ ರೌಂಡ್ ಮಾಡಬೇಡಿ. ಡಿಪ್ಲೊಮಾದವರಿಗೆ ಗ್ರಾಸ್ 18,500, ಪಿಎಫ್, ಇಎಸ್‌ಐ, ಕ್ಯಾಂಟೀನ್ ಹೋಗಿ ಕೈಗೆ ಸುಮಾರು 16,400. ಓಟಿ ಮಾಡಿದರೆ ಡಬಲ್. ಒಂದು ವರ್ಷದ ಟ್ರೈನಿಂಗ್ ಮುಗಿದ ಮೇಲೆ ಕನ್ಫರ್ಮ್ ಮಾಡಿ ಸಂಬಳ ಹೆಚ್ಚಿಸುತ್ತೇವೆ. ಬೆಂಗಳೂರಿನ ಸಾಫ್ಟ್‌ವೇರ್ ಪ್ಯಾಕೇಜ್ ಜೊತೆ ಹೋಲಿಸಿದರೆ ಇದು ಕಡಿಮೆ, ಗೊತ್ತು. ಆದರೆ ಅನಗೋಳದಲ್ಲಿ ಮೂವರು ಸೇರಿ ರೂಮ್ ಮಾಡಿದರೆ ನಡೆದೇ ಕೆಲಸಕ್ಕೆ ಬರಬಹುದು, ಮಧ್ಯಾಹ್ನದ ಊಟ ಕ್ಯಾಂಟೀನಿನಲ್ಲಿ ಆಗುತ್ತದೆ, ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ.

ಶಿಫ್ಟ್ ಮೂರು. ಪ್ರೊಡಕ್ಷನ್, ಮೆಂಟೆನೆನ್ಸ್ ಮತ್ತು ಡಿಪ್ಲೊಮಾದವರು ಮೂರರಲ್ಲೂ ಸರದಿ ಪ್ರಕಾರ ಬರಬೇಕು, ಕ್ವಾಲಿಟಿಯವರಿಗೆ ನೈಟ್ ಇಲ್ಲ. ವಾರಕ್ಕೊಂದು ರಜೆ. ದಿನಾ ನಿಂತೇ ಕೆಲಸ, ಕೈಗೆ ಕೂಲಂಟ್, ಎಣ್ಣೆ ಮೆತ್ತಿಕೊಳ್ಳುತ್ತದೆ. ಬಾಂಡ್ ಇಲ್ಲ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವುದಿಲ್ಲ. ಯಾವ ಹಂತದಲ್ಲೂ ಮಕ್ಕಳಿಂದ ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ, ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೆ ತಕ್ಷಣ ನನಗೆ ಫೋನ್ ಮಾಡಿ.

ಅವತ್ತು ಬೆಳಗ್ಗೆ ಐದೂವರೆಗೆ ಇಲ್ಲಿಂದ ಹೊರಡುತ್ತೇವೆ, ಒಂಬತ್ತೂವರೆಗೆ ಶುರು ಮಾಡೋಣ. ನಾವು ನಾಲ್ವರು, ಅದರಲ್ಲಿ ಒಬ್ಬರು ನಮ್ಮ ಶಾಪ್ ಫ್ಲೋರ್ ಸೂಪರ್‌ವೈಸರ್. ಮೊದಲು ಅರ್ಧ ಗಂಟೆ ಕಂಪನಿ ಬಗ್ಗೆ ಮಾತು, ಮಷಿನ್ ಓಡುವ ವಿಡಿಯೊ. ಆಮೇಲೆ ಒಂದು ಗಂಟೆ ಪೇಪರ್ ಟೆಸ್ಟ್: ಲೆಕ್ಕ, ಡ್ರಾಯಿಂಗ್ ಓದುವುದು, ಫಿಟ್ ಮತ್ತು ಟಾಲರೆನ್ಸ್. ಎಲೆಕ್ಟ್ರಿಕಲ್‌ನವರಿಗೆ ಬೇರೆ ಪೇಪರ್. ಪಾಸಾದವರಿಗೆ ಹತ್ತು ನಿಮಿಷದ ಪ್ರಾಕ್ಟಿಕಲ್. ಒಂದು ಟರ್ನಿಂಗ್ ಮಾಡಿದ ಪೀಸ್ ಕೊಡುತ್ತೇವೆ, ಅಳೆದು ಡ್ರಾಯಿಂಗ್ ಜೊತೆ ಹೋಲಿಸಿ ಓಕೆನಾ ರಿಜೆಕ್ಟಾ ಹೇಳಬೇಕು. ಎಲೆಕ್ಟ್ರಿಕಲ್‌ನವರಿಗೆ ಒಂದು ಸ್ಟಾರ್ಟರ್ ಬೋರ್ಡ್, ಏನು ಕೆಟ್ಟಿದೆ ಹುಡುಕಲಿ. ಇಲ್ಲೇ ಹುಡುಗರ ಬಣ್ಣ ಗೊತ್ತಾಗುವುದು. ಕೊನೆಗೆ ಇಂಟರ್‌ವ್ಯೂ, ಕನ್ನಡದಲ್ಲಿ ಮಾತಾಡಿದರೂ ಸರಿ, ಇಂಗ್ಲಿಷಿಗೆ ಮಾರ್ಕ್ಸ್ ಇಲ್ಲ. ಸಂಜೆ ಹೊರಡುವ ಮುಂಚೆ ಆಯ್ಕೆಯಾದವರ ಹೆಸರು ನಿಮ್ಮ ಕೈಗೆ ಕೊಟ್ಟೇ ಹೋಗುತ್ತೇವೆ, ಆಫರ್ ಲೆಟರ್ ಹತ್ತು ದಿನದೊಳಗೆ.

ನಿಮ್ಮಿಂದ ಬೇಕಾದ್ದು: 150 ಜನ ಕೂರುವ ಹಾಲ್, ಪ್ರೊಜೆಕ್ಟರ್, ಇಂಟರ್‌ವ್ಯೂಗೆ ಎರಡು ರೂಮ್, ಮೆಟ್ರಾಲಜಿ ಲ್ಯಾಬ್. ವರ್ನಿಯರ್, ಮೈಕ್ರೋಮೀಟರ್ ನಾವೇ ತರುತ್ತೇವೆ. ಶಾಲು, ಹಾರ, ಬೊಕೆ ಯಾವುದೂ ಬೇಡ ಸರ್, ಸುಮ್ನೆ ಅರ್ಧ ಗಂಟೆ ಹೋಗುತ್ತದೆ. ನಿಮ್ಮ ಮೆಸ್‌ನಲ್ಲಿ ರೊಟ್ಟಿ ಊಟ ಇದ್ದರೆ ಅದನ್ನು ಮಾತ್ರ ಬೇಡ ಅನ್ನುವುದಿಲ್ಲ.

ಜನವರಿ 30ರೊಳಗೆ ದಿನಾಂಕ ಖಚಿತ ಮಾಡಿ ಇದೇ ಮೇಲ್‌ಗೆ ಉತ್ತರಿಸಿ. ಫೆಬ್ರವರಿ 10ಕ್ಕೆ ಹೆಸರು, ಬ್ರಾಂಚ್, ಸಿಜಿಪಿಎ ಅಥವಾ ಪರ್ಸೆಂಟ್, ಬ್ಯಾಕ್‌ಲಾಗ್ ಇರುವ ಎಕ್ಸೆಲ್ ಪಟ್ಟಿ ಕಳಿಸಿದರೆ ಪೇಪರ್ ಅಷ್ಟೇ ಪ್ರಿಂಟ್ ಮಾಡಿಸುತ್ತೇನೆ. ಪಟ್ಟಿ ಉದ್ದ ಆಗಲಿ ಅಂತ ಎಲ್ಲರ ಹೆಸರು ಸೇರಿಸಬೇಡಿ. ಸಂಬಳ, ಶಿಫ್ಟ್ ಬರೆದಿರುವ ಭಾಗವನ್ನು ಕ್ಲಾಸಿನಲ್ಲಿ ಒಮ್ಮೆ ಓದಿ ಹೇಳಿ, ಅದನ್ನು ಕೇಳಿದ ಮೇಲೂ ಕೈ ಎತ್ತಿದವರು 40 ಜನ ಇದ್ದರೂ ನಮಗೆ ಸಂತೋಷ. ಅವರ ಮುಂದೆ ಮಾತಾಡಲು ನಿಮ್ಮ ಲೆಕ್ಚರರ್ ಯಾರಾದರೂ ಮೊದಲೇ ಫ್ಯಾಕ್ಟರಿ ನೋಡಬೇಕು ಅಂದರೆ ಯಾವ ದಿನವಾದರೂ ಬರಬಹುದು, ಹಿಂದಿನ ದಿನ ತಿಳಿಸಿದರೆ ಗೇಟ್ ಪಾಸ್ ಮಾಡಿಸಿ ಇಟ್ಟಿರುತ್ತೇನೆ.

ಇಂತಿ,
ಮಹಾಂತೇಶ
ಎಚ್‌ಆರ್ ಮತ್ತು ಟ್ರೈನಿಂಗ್, ಉದ್ಯಮಬಾಗ, ಬೆಳಗಾವಿ
(ಫೋನ್ ನಂಬರ್ ಲಗತ್ತಿಸಿದ ಲೆಟರ್‌ಹೆಡ್‌ನಲ್ಲಿದೆ, ಊಟದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಮಾಡಿ)