ನಾಲ್ಕನೇ ಸುತ್ತು

ಸಂಜೆ ನಾಲ್ಕೂವರೆಗೆ ರಿಕ್ಷಾ ಪಾರ್ಕಿನ ಎದುರಿನ ಹೋಟೆಲಲ್ಲಿ ಗೋಳಿಬಜೆ ಎಣ್ಣೆಗೆ ಬೀಳುತ್ತದೆ. ಹುಳಿಮೊಸರಲ್ಲಿ ನೆನೆದ ಮೈದಾ ಹಿಟ್ಟನ್ನು ಬೆರಳಲ್ಲೇ ಉಂಡೆ ಮಾಡಿ ಬಿಡುವಾಗ ಏಳುವ ಚುರ್ ಸದ್ದಿಗೇ ದೀಕ್ಷಿತ್ ಎಂಜಿನ್ ಬಂದ್ ಮಾಡುತ್ತಿದ್ದ. ಒಂದು ಪ್ಲೇಟ್, ಕಾಯಿಚಟ್ನಿ, ಎರಡು ಗ್ಲಾಸ್ ಚಾ. ತಳದಲ್ಲಿ ಕರಗದೆ ಉಳಿದ ಸಕ್ಕರೆಯನ್ನು ಬೆರಳಲ್ಲಿ ನೆಕ್ಕಿದರೇ ಅವನಿಗೆ ಚಾ ಕುಡಿದ ಹಾಗೆ.

ಸರೋಜಕ್ಕನ ಅಕ್ಕಿಮೂಟೆ ಹೊತ್ತ ದಿನ ಅದು ನಿಂತಿತು. ಇಪ್ಪತ್ತೈದು ಕಿಲೋ ಕುಚ್ಚಲಕ್ಕಿ, ಮೂರನೇ ಮಾಳಿಗೆ, ಲಿಫ್ಟ್ ಹಾಳಾಗಿತ್ತು. ಎರಡನೇ ಮಾಳಿಗೆಯಲ್ಲಿ ಮೂಟೆ ಇಳಿಸಿ ಮೆಟ್ಟಿಲಲ್ಲೇ ಕುಳಿತುಬಿಟ್ಟ. ಎದೆ ಡಬಡಬ ಹೊಡೆಯುತ್ತಿತ್ತು.

“ಎಂತ ಮಗಾ, ನಿನಗೆ ಪ್ರಾಯ ಎಷ್ಟು?”

“ಇಪ್ಪತ್ತೇಳು ಅಕ್ಕಾ.”

ಅವರು ಮತ್ತೆ ಮಾತಾಡಲಿಲ್ಲ, ಒಂದು ಚೊಂಬು ನೀರು ತಂದುಕೊಟ್ಟರು. ನೀರು ಕುಡಿಯುವಾಗ ದೀಕ್ಷಿತನಿಗೆ ಅಪ್ಪನ ನೆನಪಾಯಿತು. ಅಪ್ಪನದ್ದೂ ರಿಕ್ಷಾವೇ. ಶುಗರ್ ಏರಿ, ಕಾಲಿನ ಗಾಯ ಮಾಗದೆ ಎರಡು ಬೆರಳು ತೆಗೆಸಿದ ಮೇಲೆ ಅವರೂ ಹೀಗೆಯೇ ಮೆಟ್ಟಿಲಲ್ಲಿ ಕೂರುತ್ತಿದ್ದರು.

ಮರುದಿನ ಅಜ್ಜರಕಾಡು ಮೈದಾನದ ಹೊರಗೆ ರಿಕ್ಷಾ ನಿಲ್ಲಿಸಿ, ಖಾಕಿ ಅಂಗಿ ಕಳಚಿ ಹ್ಯಾಂಡಲಿಗೆ ತೂಗುಹಾಕಿ ಒಳಗೆ ಹೋದ. ಒಂದು ಸುತ್ತೆಂದರೆ 400 ಮೀಟರ್. ಅರ್ಧಕ್ಕೇ ಪಕ್ಕೆ ಹಿಡಿಯಿತು. ವಾಕಿಂಗಿಗೆ ಬಂದ ಅಜ್ಜ ಒಬ್ಬರು ಅವನನ್ನು ದಾಟಿ ಮುಂದೆ ಹೋದರು.

ಓಡುವುದು ಹೇಗೂ ಅಭ್ಯಾಸವಾಯಿತು. ಕಷ್ಟವಾದದ್ದು ನಾಲ್ಕೂವರೆ ಗಂಟೆ. ಉಡುಪಿಯಲ್ಲಿ ಹುಟ್ಟಿದವನಿಗೆ ಗೋಳಿಬಜೆ ಬಿಡುವುದೆಂದರೆ ಬರೀ ತಿಂಡಿ ಬಿಡುವುದಲ್ಲ. ಬಾಡಿಗೆಯ ಲೆಕ್ಕ, ಮನೆಯ ಸುದ್ದಿ, ಸಾಲದ ಚಿಂತೆ ಎಲ್ಲ ಆ ಬೆಂಚಿನಲ್ಲೇ ಹೊರಗೆ ಬರುವುದು. ಎಲ್ಲರೂ ಆಚೆ ಹೋದಾಗ ಅವನು ರಿಕ್ಷಾದಲ್ಲಿ ಒಬ್ಬನೇ ಕುಳಿತು ಅಮ್ಮ ಡಬ್ಬಿಗೆ ಹಾಕಿಕೊಟ್ಟ ಮೊಳಕೆ ಹೆಸರು ಅಗಿಯುತ್ತಿದ್ದ.

“ಒಂದು ತಿಂದ್ರೆ ಎಂತಾಗ್ತದೆ ಮಾರಾಯ?” ಎಂದು ಶೇಖರಣ್ಣ ರಸ್ತೆಯಾಚೆಯಿಂದ ಕೂಗಿದರು.

“ನನಗೆ ಒಂದಕ್ಕೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ ಅಣ್ಣಾ.”

ಶೇಖರಣ್ಣ ಮತ್ತೆ ಕರೆಯಲಿಲ್ಲ. ತಮ್ಮ ಚಾ ಗ್ಲಾಸ್ ಹಿಡಿದುಕೊಂಡು ಈಚೆ ಬಂದು, ರಿಕ್ಷಾದ ಹಿಂದಿನ ಸೀಟಿನಲ್ಲಿ ಕುಳಿತು ಮಗಳ ಕಾಲೇಜು ಫೀಸಿನ ಮಾತು ತೆಗೆದರು.

ಎರಡು ತಿಂಗಳು ಕಳೆದು, ಮೋಡ ಕವಿದ ಒಂದು ಸಂಜೆ. ಮೂರು ಸುತ್ತು ಮುಗಿಯುವಾಗ ಕಿಸೆಯಲ್ಲಿ ಫೋನ್ ಹೊಡೆದುಕೊಂಡಿತು. ಸರೋಜಕ್ಕ.

“ಮಗಾ, ಬಸ್ ಸ್ಟ್ಯಾಂಡಲ್ಲಿದ್ದೇನೆ. ಬರ್ತೀಯಾ?”

ಬಾಡಿಗೆಗೆ ಅವನು ಈವರೆಗೆ ತಡ ಹೇಳಿದವನಲ್ಲ. “ಅಕ್ಕಾ, ಇನ್ನೊಂದು ಸುತ್ತು ಉಂಟು. ಹತ್ತು ನಿಮಿಷ ಆಗ್ಬಹುದಾ?”

ಆಚೆಯಿಂದ ಬಸ್ಸಿನ ಹಾರನ್ನು ಮಾತ್ರ ಕೇಳಿಸಿತು. ಆಮೇಲೆ ಅವರ ಸ್ವರ: “ಓಡಿ ಮುಗಿಸಿಯೇ ಬಾ. ಅಕ್ಕಿಮೂಟೆ ಉಂಟು.”

ಫೋನನ್ನು ಕಿಸೆಗೆ ಹಾಕಿ, ಸಡಿಲವಾಗಿದ್ದ ಶೂ ಲೇಸ್ ಬಿಗಿದುಕೊಂಡು ದೀಕ್ಷಿತ್ ಎದ್ದ. ಮೊದಲ ಹನಿ ಬೆನ್ನಿಗೆ ಬೀಳುವಾಗ ಅವನು ತಿರುವು ದಾಟಿದ್ದ.