ಕಟ್ಟಡದೊಳಗೆ ಫೈಬರ್ ಕೇಬಲ್ ಎಳೆಯಲು ಅನುಮತಿ ಕೋರಿ

ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ. 304ನೇ ಫ್ಲ್ಯಾಟಿನಿಂದ ಬರೆಯುತ್ತಿದ್ದೇನೆ. ನಮ್ಮ 24 ಮನೆಗಳಲ್ಲಿ 14 ಮನೆಯವರು ಸೇರಿ ಬ್ರಾಡ್‌ಬ್ಯಾಂಡಿಗೆ ಒಂದೇ ಫೈಬರ್ ಲೈನ್ ಹಾಕಿಸಿಕೊಳ್ಳಲು ಮುಂದಾಗಿದ್ದೇವೆ. ಕಟ್ಟಡದೊಳಗೆ ಕೇಬಲ್ ಎಳೆಯಲು ನಿಮ್ಮ ಒಪ್ಪಿಗೆ ಬೇಕು. ಎಲ್ಲರ ಸಹಿ ಇರುವ ಹಾಳೆ ಜೊತೆಗಿದೆ.

ಇದು ಬರೀ ಸ್ಪೀಡಿನ ಮಾತಲ್ಲ. ಮೂರನೇ ಮಹಡಿಯ ಮೆಟ್ಟಿಲ ಪಕ್ಕದ ಕಿಟಕಿ ನೋಡಿದ್ದೀರಿ ಅಲ್ವಾ? ಟೆರೇಸಿನಿಂದ ಇಳಿಬಿಟ್ಟ ಆರು ಕೇಬಲ್ ಅದರೊಳಗಿಂದಲೇ ಬಂದಿವೆ. ಹಾಗಾಗಿ ಕಿಟಕಿ ಮುಚ್ಚಲು ಆಗುವುದಿಲ್ಲ. ಮಳೆ ಬಂದರೆ ನೀರೆಲ್ಲ ಮೆಟ್ಟಿಲ ಮೇಲೆ. ಹೋದ ತಿಂಗಳು 401ರ ಅಜ್ಜಿ ಅಲ್ಲೇ ಕಾಲು ಜಾರಿದರು, ಕಂಬಿ ಕೈಗೆ ಸಿಕ್ಕಿದ್ದಕ್ಕೆ ಬಚಾವಾದರು. ಆ ಆರರಲ್ಲಿ ಎರಡು ಕೇಬಲ್ ಈಗ ಯಾರಿಗೂ ಬೇಡ, ಸುಮ್ನೆ ನೇತಾಡುತ್ತಿವೆ.

ನಾವು ಮಾಡಬೇಕೆಂದಿರುವುದು ಇಷ್ಟು. ಗೇಟಿನಿಂದ ಮೀಟರ್ ರೂಮಿನ ಹೊರಗೋಡೆವರೆಗೆ ಒಂದೇ ಕೇಬಲ್ ಬರುತ್ತದೆ. ಅಲ್ಲಿ ಒಂದು ಸಣ್ಣ ಸ್ಪ್ಲಿಟರ್ ಬಾಕ್ಸ್. ಒಂದು ಫೈಬರಿನಲ್ಲಿ ಬರುವ ಬೆಳಕನ್ನು ಅದು 32 ಮನೆಗಳವರೆಗೆ ಹಂಚಬಲ್ಲದು. ಅದಕ್ಕೆ ಕರೆಂಟ್ ಬೇಕಿಲ್ಲ, ಅಂದರೆ ಸೊಸೈಟಿಯ ಬಿಲ್ಲಿಗೆ ಏನೂ ಸೇರುವುದಿಲ್ಲ. ಅಲ್ಲಿಂದ ಹಳೇ ಟೆಲಿಫೋನ್ ಡಕ್ಟಿನಲ್ಲಿ 40 ಮಿ.ಮೀ. ಪೈಪ್ ಮೇಲಕ್ಕೆ ಹೋಗುತ್ತದೆ.

ಡಕ್ಟಿನಲ್ಲಿ ಪ್ರತಿ ಸ್ಲ್ಯಾಬಿಗೂ ಮೊದಲೇ ತೂತುಗಳಿವೆ, ಹೊಸದಾಗಿ ಸ್ಲ್ಯಾಬ್ ಕೊರೆಯುವುದಿಲ್ಲ. ಆ ತೂತುಗಳು ಈಗ ಹಾಗೇ ತೆರೆದುಕೊಂಡಿವೆ. ಕೆಳಗೆಲ್ಲಾದರೂ ಬೆಂಕಿ ಹತ್ತಿದರೆ ಹೊಗೆ ನೇರ ಮೇಲಕ್ಕೇ ಬರುತ್ತದೆ. ಪೈಪ್ ಹಾಕಿದ ಮೇಲೆ ಸುತ್ತಲಿನ ಸಂದನ್ನು ಫೈರ್ ಸೀಲೆಂಟಿನಿಂದ ಮುಚ್ಚಿಸುತ್ತೇವೆ. ಕೇಬಲ್ ಬರದಿದ್ದರೂ ಇದೊಂದು ಆಗಲೇಬೇಕಾದ ಕೆಲಸ. ಕೇಬಲ್ ಕೂಡ ಹೊಗೆ ಕಡಿಮೆ ಬಿಡುವ ಹೊದಿಕೆಯದ್ದೇ ಕೇಳಿದ್ದೇವೆ. ಒಳಗೆ ಗಾಜಿನ ಎಳೆ ಬಿಟ್ಟರೆ ಲೋಹದ ತಂತಿ ಇರುವುದಿಲ್ಲ, ಹಾಗಾಗಿ ಸಿಡಿಲಿನ ಕರೆಂಟ್ ಅದರ ಮೂಲಕ ಮನೆಯೊಳಗೆ ಬರುವ ಭಯವಿಲ್ಲ.

ಮನೆ ಬಾಗಿಲ ಮೇಲೆ ಪೆನ್ಸಿಲ್ ದಪ್ಪದ ಒಂದು ತೂತು ಬೀಳುತ್ತದೆ, ಅದೂ ಸೇರಿದವರ ಮನೆಗೆ ಮಾತ್ರ. ಖರ್ಚು ಪೂರ್ತಿ ನಮ್ಮದು. ಮುಂದೆ ರಿಪೇರಿ ಬಂದರೂ ನಮ್ಮದೇ. ಸೇರದ 10 ಮನೆಯವರು ಏನೂ ಕೊಡಬೇಕಿಲ್ಲ, ಈಗಿನ ಕನೆಕ್ಷನ್ ಬಿಡಬೇಕಾಗಿಯೂ ಇಲ್ಲ. ನಾಳೆ ಅವರಿಗೆ ಬೇಕೆನಿಸಿದರೆ ಜಾಗ ಇರಲಿ ಅಂತಲೇ ಪೈಪ್ ದೊಡ್ಡದು ಹೇಳಿದ್ದೇವೆ, ಒಳಗೆ ಎಳೆಯುವ ದಾರವನ್ನೂ ಬಿಡಿಸುತ್ತೇವೆ. ಬೇರೆ ಕಂಪನಿಯವರು ಬಂದರೂ ಅದೇ ಪೈಪ್ ಬಳಸಲಿ. ಬಾಕ್ಸಿನ ಒಂದು ಕೀ ಸಮಿತಿಯ ಹತ್ತಿರ ಇರುತ್ತದೆ.

ಕೆಲಸ ಎರಡು ದಿನದ್ದು, ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ. ನಾನೋ 202ರವರೋ ಜೊತೆಗಿದ್ದು ಧೂಳು ಗುಡಿಸಿಸಿಯೇ ಕಳಿಸುತ್ತೇವೆ. ಕೊನೆಗೆ, ಸಂಬಂಧಪಟ್ಟವರನ್ನು ಕೇಳಿಕೊಂಡು, ಕಿಟಕಿಯ ಹಳೇ ಕೇಬಲ್ ತೆಗೆಸುತ್ತೇವೆ.

ಮುಂದಿನ ತಿಂಗಳು ಮೆಟ್ಟಿಲ ಗೋಡೆಗೆ ಬಣ್ಣ ಹೊಡೆಸುತ್ತೀರಂತೆ. ಅದಕ್ಕೆ ಮೊದಲೇ ಇದು ಮುಗಿದರೆ ಒಳ್ಳೆಯದು. ಭಾನುವಾರದ ಸಭೆಯಲ್ಲಿ ದಯವಿಟ್ಟು ಈ ವಿಷಯ ತೆಗೆದುಕೊಳ್ಳಿ. ಕೇಬಲ್ ಹೋಗುವ ದಾರಿಯ ನಕ್ಷೆ ಹಿಡಿದುಕೊಂಡು ನಾವಿಬ್ಬರೂ ಬರುತ್ತೇವೆ.

ವಂದನೆಗಳೊಂದಿಗೆ,
ಫ್ಲ್ಯಾಟ್ 304
(14 ಮನೆಯವರ ಪರವಾಗಿ)