ಹೊಸ ಮನೆಗೆ ವಿದ್ಯುತ್ ಸಂಪರ್ಕ ಕೋರಿ ಎರಡನೇ ಸಲ ಸಲ್ಲಿಸುತ್ತಿರುವ ಆನ್‌ಲೈನ್ ಅರ್ಜಿ: ಮಾಲೀಕತ್ವ ಮತ್ತು ಲೋಡ್ ವಿವರ

ದಿನಾಂಕ: 6 ಅಕ್ಟೋಬರ್ 2025
ಸಂಪರ್ಕದ ಬಗೆ: ಗೃಹ ಬಳಕೆ, ಕಾಯಂ, ಮೂರು ಫೇಸ್
ಕೇಳುತ್ತಿರುವ ಲೋಡ್: 7 ಕಿಲೋವ್ಯಾಟ್

ನಮಸ್ಕಾರ ಸರ್ / ಮೇಡಂ,

ನನ್ನ ಹೆಸರು, ವಿಳಾಸ, ಮೊಬೈಲ್ ನಂಬರ್ ಎಲ್ಲಾ ಮೇಲಿನ ಕಾಲಂಗಳಲ್ಲಿ ತುಂಬಿದ್ದೇನೆ. ಇಲ್ಲಿ ವಿವರವಾಗಿ ಬರೆಯಲು ಕಾರಣ, ಸೆಪ್ಟೆಂಬರ್ 15ರಂದು ಹಾಕಿದ್ದ ಅರ್ಜಿ 24ರಂದು ವಾಪಸ್ ಬಂತು. "ಈ ಜಾಗದಲ್ಲಿ ಬೇರೆಯವರ ಹೆಸರಿನ ಮೀಟರ್ ಇದೆ, ದಾಖಲೆಗಳು ಹೊಂದುತ್ತಿಲ್ಲ" ಅಂತ ಎರಡು ಕಾರಣ ಕೊಟ್ಟಿದ್ದರು. ಎರಡಕ್ಕೂ ಉತ್ತರ ಮತ್ತು ದಾಖಲೆ ಈ ಸಲ ಕೊಟ್ಟಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಮೊದಲು ಆ ಹಳೆಯ ಮೀಟರ್ ವಿಷಯ. ಅದು ಮನೆ ಕಟ್ಟುವಾಗ ತೆಗೆದುಕೊಂಡಿದ್ದ ತಾತ್ಕಾಲಿಕ ಸಂಪರ್ಕ. ಓಡಾಟವೆಲ್ಲ ಅಣ್ಣನೇ ಮಾಡುತ್ತಿದ್ದರಿಂದ ಅವನ ಹೆಸರಿನಲ್ಲೇ ಇತ್ತು. ಕೆಲಸ ಮುಗಿದ ಮೇಲೆ ಸೆಪ್ಟೆಂಬರ್ 10ರಂದು ಮೀಟರ್ ವಾಪಸ್ ಕೊಟ್ಟು, ಕೊನೆಯ ಬಿಲ್ಲನ್ನೂ ಕಟ್ಟಿದ್ದೇವೆ. ನಾನು ಅರ್ಜಿ ಹಾಕುವ ಹೊತ್ತಿಗೆ ಅದು ನಿಮ್ಮ ದಾಖಲೆಯಲ್ಲಿ ರದ್ದಾಗಿರಲಿಲ್ಲ ಅಂತ ಕಾಣುತ್ತದೆ. ಮೀಟರ್ ಒಪ್ಪಿಸಿದ ಸ್ವೀಕೃತಿ, ಕೊನೆಯ ಬಿಲ್ಲಿನ ರಸೀದಿ, ಬಾಕಿ ಇಲ್ಲ ಎಂಬ ಪತ್ರ, ಮೂರೂ `05_temp_meter.pdf` ಫೈಲಿನಲ್ಲಿವೆ.

ಇನ್ನು ಮಾಲೀಕತ್ವ. ದಾಖಲೆಗಳನ್ನು ಬಿಡಿಬಿಡಿಯಾಗಿ ನೋಡಿದರೆ ಗೊಂದಲ ಆಗುವುದು ನಿಜ, ಹಾಗಾಗಿ ಕ್ರಮವಾಗಿ ಹೇಳುತ್ತೇನೆ. ಈ ಸೈಟನ್ನು 1994ರಲ್ಲಿ ಕೊಂಡದ್ದು ನಮ್ಮ ಅಪ್ಪ. ಅವರ ನೋಂದಾಯಿತ ಕ್ರಯಪತ್ರ `01_krayapatra_1994.pdf`. ಅಪ್ಪ 2016ರಲ್ಲಿ ತೀರಿಕೊಂಡರು. ಅಮ್ಮ, ಅಣ್ಣ, ನಾನು, ಈ ಮೂವರೇ ವಾರಸುದಾರರು. 2019ರಲ್ಲಿ ಅಮ್ಮ ಮತ್ತು ಅಣ್ಣ ತಮ್ಮ ಪಾಲನ್ನು ನನಗೆ ಬಿಟ್ಟುಕೊಟ್ಟು ಹಕ್ಕು ಬಿಡುಗಡೆ ಪತ್ರವನ್ನು ನೋಂದಣಿ ಮಾಡಿಸಿದ್ದಾರೆ. ಅಂದರೆ ಈಗ ಪೂರ್ತಿ ಜಾಗ ನನ್ನೊಬ್ಬಳ ಹೆಸರಿನಲ್ಲಿದೆ. ಮರಣ ಪತ್ರ, ವಂಶವೃಕ್ಷ, ಹಕ್ಕು ಬಿಡುಗಡೆ ಪತ್ರ ಒಟ್ಟಿಗೆ `02_hakku_bidugade.pdf` ಫೈಲಿನಲ್ಲಿವೆ. 2 ಎಂಬಿ ದಾಟಬಾರದು ಅಂತ ಇದ್ದದ್ದಕ್ಕೆ ಹೋದ ಸಲ ಸ್ಕ್ಯಾನ್ ತುಂಬಾ ಕುಗ್ಗಿಸಿದ್ದೆ, ಸಬ್ ರಿಜಿಸ್ಟ್ರಾರ್ ಸೀಲು ಓದಲು ಆಗುತ್ತಿರಲಿಲ್ಲ. ಈ ಸಲ ಕಪ್ಪು ಬಿಳುಪಿನಲ್ಲಿ ಹೊಸದಾಗಿ ಸ್ಕ್ಯಾನ್ ಮಾಡಿಸಿದ್ದೇನೆ, ಸೀಲು, ದಸ್ತಾವೇಜು ಸಂಖ್ಯೆ ಎಲ್ಲಾ ಸ್ಪಷ್ಟವಾಗಿವೆ.

ದಾಖಲೆ ಹೊಂದುತ್ತಿಲ್ಲ ಅಂದದ್ದು ಬಹುಶಃ ನಂಬರಿನ ವ್ಯತ್ಯಾಸಕ್ಕೆ. ಕ್ರಯಪತ್ರದಲ್ಲಿ ಇರುವುದು ಸೈಟ್ ನಂಬರ್ 41. ಈ ವರ್ಷದ ಕಂದಾಯ ರಸೀದಿಯಲ್ಲಿ ಇರುವುದು ಮನೆ ನಂಬರ್ 17/2. ಎರಡೂ ಒಂದೇ ಜಾಗ. ಮನೆಗಳಿಗೆ ಹೊಸ ನಂಬರ್ ಕೊಟ್ಟಾಗ ಬದಲಾದದ್ದು ಅಷ್ಟೇ. 41 ಅಂದರೆ ಈಗಿನ 17/2 ಅಂತ ಕಂದಾಯ ಕಚೇರಿಯಿಂದಲೇ ದೃಢೀಕರಣ ತಂದು, ರಸೀದಿ ಜೊತೆ `03_kandaya.pdf` ಫೈಲಿನಲ್ಲಿ ಹಾಕಿದ್ದೇನೆ. ನಾಲ್ಕು ದಿಕ್ಕಿನ ಚಕ್ಕುಬಂದಿ ಎರಡರಲ್ಲೂ ಒಂದೇ ಇದೆ, ಹೋಲಿಸಿ ನೋಡಬಹುದು. ಇನ್ನೊಂದು ಸಣ್ಣ ವ್ಯತ್ಯಾಸವೂ ಇದೆ. ಕ್ರಯಪತ್ರದಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಮರಣ ಪತ್ರದಲ್ಲಿ ಇನಿಷಿಯಲ್ ಮಾತ್ರ. ಇಬ್ಬರೂ ಒಬ್ಬರೇ ಎಂದು ನೋಟರಿ ಮುಂದೆ ಮಾಡಿಸಿದ ಪ್ರಮಾಣಪತ್ರ `04_affidavit.pdf`. ಜಾಗದ ಮೇಲೆ ಸಾಲ, ತಕರಾರು, ಕೋರ್ಟ್ ಕೇಸು ಯಾವುದೂ ಇಲ್ಲ. 1994ರಿಂದ ಈವರೆಗಿನ ಋಣಭಾರ ಪತ್ರ, ಮಂಜೂರಾದ ಮನೆ ನಕ್ಷೆ, ನನ್ನ ಗುರುತಿನ ಚೀಟಿ `06_itare.pdf` ಫೈಲಿನಲ್ಲಿವೆ.

ಈಗ ಲೋಡ್. ಸಾಮಾನು ಯಾವುದನ್ನೂ ಬಿಟ್ಟಿಲ್ಲ, ಅವುಗಳ ಮೇಲೆ ಬರೆದಿರುವ ವ್ಯಾಟ್ ನೋಡಿಯೇ ಲೆಕ್ಕ ಹಾಕಿದ್ದೇನೆ.

ಎಲ್‌ಇಡಿ ಬಲ್ಬು 14, ಒಂದಕ್ಕೆ 9 ವ್ಯಾಟ್: 126
ಎಲ್‌ಇಡಿ ಟ್ಯೂಬ್‌ಲೈಟ್ 6, ಒಂದಕ್ಕೆ 20 ವ್ಯಾಟ್: 120
ಸೀಲಿಂಗ್ ಫ್ಯಾನ್ 5, ಒಂದಕ್ಕೆ 75 ವ್ಯಾಟ್: 375
ಫ್ರಿಜ್: 200
ಟಿವಿ: 100
ಲ್ಯಾಪ್‌ಟಾಪ್, ರೂಟರ್, ಮೊಬೈಲ್ ಚಾರ್ಜರ್: 100
ವಾಷಿಂಗ್ ಮೆಷಿನ್: 500
ಮಿಕ್ಸರ್: 750
ಇಸ್ತ್ರಿ ಪೆಟ್ಟಿಗೆ: 1000
ಗೀಸರ್ 1: 2000
ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರ್, 1 ಎಚ್‌ಪಿ: 746
ಆಕ್ಸಿಜನ್ ಕಾನ್ಸನ್‌ಟ್ರೇಟರ್: 350
ಇನ್ವರ್ಟರ್ ಚಾರ್ಜಿಂಗ್: 200
ಒಟ್ಟು: 6567 ವ್ಯಾಟ್

3 ಕಿಲೋವ್ಯಾಟ್ ಅಂತ ಬರೆದರೆ ಸಾಕು, ಠೇವಣಿ ಕಡಿಮೆ ಆಗುತ್ತದೆ ಅಂತ ಕೆಲವರು ಹೇಳಿದರು. ನನಗೆ ಅದು ಬೇಡ. ಬೆಳಿಗ್ಗೆ ಗೀಸರ್, ಮೋಟಾರ್, ಮಿಕ್ಸರ್ ಮೂರೇ ಒಟ್ಟಿಗೆ ನಡೆದರೂ 3.5 ಕಿಲೋವ್ಯಾಟ್ ಆಗುತ್ತದೆ ಅಲ್ವಾ? ಸುಳ್ಳು ಲೆಕ್ಕ ಕೊಟ್ಟು ಆಮೇಲೆ ವೈರು ಬಿಸಿಯಾಗುವುದು, ಟ್ರಿಪ್ ಆಗುವುದು ಆದರೆ ನಮ್ಮ ಮನೆಗಂತೂ ಕಷ್ಟ. ಅಮ್ಮನಿಗೆ ಶ್ವಾಸಕೋಶದ ತೊಂದರೆ ಇದೆ, ಆಕ್ಸಿಜನ್ ಯಂತ್ರ ರಾತ್ರಿಯಿಡೀ ನಡೆಯಬೇಕು. ಈಗ ಇರುವುದು ಎರಡನೇ ಮಹಡಿಯ ಬಾಡಿಗೆ ಮನೆ, ಮೆಟ್ಟಿಲು ಹತ್ತಲು ಅವರಿಗೆ ಆಗುತ್ತಿಲ್ಲ. ಹೊಸ ಮನೆ ನೆಲಮಹಡಿಯಲ್ಲೇ ಇದೆ. ಕರೆಂಟ್ ಒಂದು ಬಂದರೆ ಅವರನ್ನು ಕರೆದುಕೊಂಡು ಬರಬಹುದು. ಯಂತ್ರ ಬಳಸಬೇಕೆಂದು ಡಾಕ್ಟರ್ ಬರೆದುಕೊಟ್ಟ ಚೀಟಿಯನ್ನೂ `06_itare.pdf` ಫೈಲಿನ ಕೊನೆಯಲ್ಲಿ ಸೇರಿಸಿದ್ದೇನೆ. ಕ್ರಮ ತಪ್ಪಿಸಿ ಮೊದಲು ಕೊಡಿ ಅಂತ ಕೇಳುತ್ತಿಲ್ಲ, ನಿಮ್ಮ ನಿಯಮದಲ್ಲಿ ಇಂಥವರಿಗೆ ಆದ್ಯತೆ ಇದ್ದರೆ ದಯವಿಟ್ಟು ಪರಿಗಣಿಸಿ.

ವೈರಿಂಗ್ ಮೂರು ಫೇಸಿಗೇ ಆಗಿದೆ. ಮೊದಲನೆಯದಕ್ಕೆ ಗೀಸರ್, ಟಿವಿ, ಇನ್ವರ್ಟರ್ ಸೇರಿ 2300 ವ್ಯಾಟ್. ಎರಡನೆಯದಕ್ಕೆ ಇಸ್ತ್ರಿ ಪೆಟ್ಟಿಗೆ, ಮಿಕ್ಸರ್, ಫ್ರಿಜ್, ಅರ್ಧ ದೀಪಗಳು, 2073. ಮೂರನೆಯದಕ್ಕೆ ಮೋಟಾರ್, ವಾಷಿಂಗ್ ಮೆಷಿನ್, ಆಕ್ಸಿಜನ್ ಯಂತ್ರ, ಫ್ಯಾನ್, ಲ್ಯಾಪ್‌ಟಾಪ್, ಉಳಿದ ದೀಪ ಸೇರಿ 2194. ಹೀಗೆ ಹಂಚಿದ್ದರಿಂದ ಎಲ್ಲಾ ಒಟ್ಟಿಗೆ ಹಾಕಿದರೂ ಒಂದೊಂದು ಫೇಸಿನಲ್ಲಿ 10 ಆಂಪಿಯರ್ ಆಸುಪಾಸು ಅಷ್ಟೇ. ಕರೆಂಟ್ ಹೋದಾಗ ಆಕ್ಸಿಜನ್ ಯಂತ್ರ ಇನ್ವರ್ಟರ್ ಮೇಲೆ ನಡೆಯುತ್ತದೆ. ಆ ಇನ್ವರ್ಟರಿನಿಂದ ಕರೆಂಟ್ ನಿಮ್ಮ ಲೈನಿಗೆ ವಾಪಸ್ ಹೋಗದಂತೆ ಬೇರೆ ಸರ್ಕ್ಯೂಟ್ ಮಾಡಿಸಿದ್ದೇನೆ, ಕಂಬದ ಮೇಲೆ ಕೆಲಸ ಮಾಡುವವರ ಜೀವದ ಪ್ರಶ್ನೆ ಅದು.

ಅರ್ತಿಂಗ್ ಗುಂಡಿ ಎರಡು, ಅಳೆದಾಗ 2.8 ಓಮ್ ಬಂದಿದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿದ್ದೇನೆ. ಪರವಾನಗಿ ಇರುವ ಕಾಂಟ್ರಾಕ್ಟರ್ ಸಹಿ ಮಾಡಿದ ವೈರಿಂಗ್ ಮುಗಿದ ವರದಿ `07_wiring.pdf`. ಹತ್ತಿರದ ಕಂಬ ಮನೆಯಿಂದ 18 ಮೀಟರ್, ನಡುವೆ ಬೇರೆಯವರ ಜಾಗ ದಾಟಬೇಕಿಲ್ಲ, ಮರವೂ ಅಡ್ಡ ಇಲ್ಲ. ಮೀಟರ್ ಬೋರ್ಡನ್ನು ಗೇಟಿನ ಪಕ್ಕದ ಗೋಡೆಗೆ ಹೊರಗಡೆಯೇ ಕೂರಿಸಿದ್ದೇವೆ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ರೀಡಿಂಗ್ ತೆಗೆಯಬಹುದು.

ಜಾಗ ನೋಡಲು ಯಾವ ದಿನ ಬಂದರೂ ಸರಿ, ಹಿಂದಿನ ದಿನ ಒಂದು ಮೆಸೇಜ್ ಹಾಕಿ. ನಾನು ಕೆಲಸಕ್ಕೆ ಹೋಗಿದ್ದರೆ ಅಣ್ಣ ಬಂದು ಬೀಗ ತೆಗೆಯುತ್ತಾನೆ, ಮೂಲ ದಾಖಲೆಗಳನ್ನೂ ತೋರಿಸುತ್ತಾನೆ. ಅರ್ಜಿ ಶುಲ್ಕ ಕಟ್ಟಿದ ರಸೀದಿ ಲಗತ್ತಿಸಿದ್ದೇನೆ. ಠೇವಣಿ ಎಷ್ಟು ಅಂತ ಡಿಮ್ಯಾಂಡ್ ನೋಟಿಸ್ ಬಂದ ದಿನವೇ ಆನ್‌ಲೈನ್ ಕಟ್ಟುತ್ತೇನೆ. ಯಾವುದಾದರೂ ಕಾಗದ ಇನ್ನೂ ಸಾಲದಿದ್ದರೆ ಅರ್ಜಿಯನ್ನೇ ವಾಪಸ್ ಕಳಿಸಬೇಡಿ, ಇಂಥದ್ದು ಬೇಕು ಅಂತ ಹೆಸರು ಹಿಡಿದು ತಿಳಿಸಿ, ಎರಡು ದಿನದೊಳಗೆ ಹಾಕುತ್ತೇನೆ.

ಮೇಲಿನ ವಿವರಗಳೆಲ್ಲ ನಿಜ. ಮನೆಯನ್ನು ವಾಸಕ್ಕೆ ಮಾತ್ರ ಬಳಸುತ್ತೇವೆ. ಮುಂದೆ ಎಸಿ ಅಥವಾ ಬೇರೆ ದೊಡ್ಡ ಯಂತ್ರ ಹಾಕಿಸುವುದಾದರೆ ಮೊದಲು ಲೋಡ್ ಹೆಚ್ಚಿಸಲು ಅರ್ಜಿ ಹಾಕಿಯೇ ಹಾಕಿಸುತ್ತೇನೆ.

ಇಂತಿ,
ಅರ್ಜಿದಾರಳು ಮತ್ತು ಮನೆ ಮಾಲೀಕಳು
(ಸಹಿಯನ್ನು ಫೋಟೋ ಜೊತೆ ಅಪ್‌ಲೋಡ್ ಮಾಡಿದೆ)